ಮೊದಲ ಮಾತು ಮೇಲಿನ ಬಿಟ್‌ನದು

ತಾರಸಿಯ ಮೇಲಿನ ಟ್ಯಾಂಕಿನಲ್ಲಿ ನೀರು ಎಷ್ಟಿದೆ ಎಂದು ನೋಡಲು ಏಣಿ ಹತ್ತುವ ಕಾಲ ಎಷ್ಟೋ ಮನೆಗಳಲ್ಲಿ ಮುಗಿದಿದೆ. ಟ್ಯಾಂಕಿನೊಳಗೆ ನಾಲ್ಕು ಎತ್ತರಗಳಿಗೆ ನಾಲ್ಕು ಸ್ಟೀಲ್ ಕಂಬಿಗಳನ್ನು ಇಳಿಬಿಟ್ಟಿರುತ್ತಾರೆ. ತಳ ಮುಟ್ಟುವ ಐದನೆಯ ಕಂಬಿಗೆ ಸಣ್ಣದೊಂದು ವೋಲ್ಟೇಜ್ ಕೊಟ್ಟಿರುತ್ತಾರೆ. ನೀರು ಏರಿ ಯಾವುದಾದರೂ ಕಂಬಿಯ ತುದಿ ಮುಟ್ಟಿತೆಂದರೆ ನೀರಿನ ಮೂಲಕವೇ ತುಸು ಕರೆಂಟ್ ಹರಿದು, ಆ ಕಂಬಿಯಿಂದ ಕೆಳಗೆ ಬಂದ ವೈರಿನಲ್ಲಿ 1 ಕಾಣಿಸುತ್ತದೆ. ಮುಟ್ಟದಿದ್ದರೆ 0. ಕೆಳಗಿನ ಕಂಬಿಯನ್ನು D0 ಎಂದೂ, ಅದರ ಮೇಲಿನವನ್ನು D1, D2 ಎಂದೂ, ಎಲ್ಲಕ್ಕಿಂತ ಮೇಲಿನದನ್ನು D3 ಎಂದೂ ಕರೆಯೋಣ.

ಕೆಳಗೆ ಗೋಡೆಯ ಮೇಲಿರುವ ಡಬ್ಬಿಯೊಳಗಿನ ಸರ್ಕ್ಯೂಟ್ ಎರಡು ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ನೀರು ಯಾವ ಮಟ್ಟದಲ್ಲಿದೆ? ನಾವು ಗೊತ್ತುಮಾಡಿದ ಮಟ್ಟಕ್ಕಿಂತ ಅದು ಕಡಿಮೆಯೋ, ಸಮವೋ, ಹೆಚ್ಚೋ? ಮೊದಲ ಪ್ರಶ್ನೆಗೆ ಉತ್ತರಿಸುವ ಸರ್ಕ್ಯೂಟಿಗೆ ಪ್ರಯಾರಿಟಿ ಎನ್‌ಕೋಡರ್ ಎಂದು ಹೆಸರು, ಎರಡನೆಯದಕ್ಕೆ ಮ್ಯಾಗ್ನಿಟ್ಯೂಡ್ ಕಂಪ್ಯಾರೇಟರ್. ಡಿಜಿಟಲ್ ಎಲೆಕ್ಟ್ರಾನಿಕ್ಸ್ ಪಾಠದಲ್ಲಿ ಇವೆರಡೂ ಬೇರೆ ಬೇರೆ ಅಧ್ಯಾಯಗಳಲ್ಲಿ ಬರುತ್ತವೆ. ಆದರೆ ಇವನ್ನು ಗೇಟ್‌ಗಳ ಮಟ್ಟದವರೆಗೆ ಬಿಚ್ಚಿ ನೋಡಿದರೆ ಒಳಗಿರುವ ನಿಯಮ ಒಂದೇ: ಮೇಲಿನದು ಮಾತಾಡಿದರೆ ಕೆಳಗಿನದನ್ನು ಕೇಳಬೇಕಾಗಿಲ್ಲ. ಈ ಒಂದು ನಿಯಮ ಟೇಬಲ್ಲಿನಿಂದ ಗೇಟಿಗೆ ಹೇಗೆ ಇಳಿಯುತ್ತದೆ ಎಂಬುದನ್ನು ಇದೇ ಟ್ಯಾಂಕನ್ನು ಇಟ್ಟುಕೊಂಡು ನೋಡೋಣ.

ಸಾದಾ ಎನ್‌ಕೋಡರ್ ಎಲ್ಲಿ ಎಡವುತ್ತದೆ

ನಾಲ್ಕು ವೈರುಗಳಲ್ಲಿ ಬಂದ ಸುದ್ದಿಯನ್ನು 0ಯಿಂದ 3ರವರೆಗಿನ ಒಂದು ಸಂಖ್ಯೆಯಾಗಿ ಹೇಳಲು ಎರಡು ಬಿಟ್ ಸಾಕು. ಅವು Y1 ಮತ್ತು Y0 ಆಗಲಿ. ಎರಡನೇ ಅಥವಾ ಮೂರನೇ ವೈರಿನಲ್ಲಿ 1 ಬಂದರೆ Y1 ಏಳಬೇಕು. ಒಂದನೇ ಅಥವಾ ಮೂರನೇ ವೈರಿನಲ್ಲಿ ಬಂದರೆ Y0 ಏಳಬೇಕು. ಸಾದಾ ಎನ್‌ಕೋಡರ್ ಎಂದರೆ ಇಷ್ಟೇ, ಎರಡು ಆರ್ ಗೇಟುಗಳು. ಇಲ್ಲಿ + ಎಂದರೆ ಆರ್ ಎಂದು ಓದಿಕೊಳ್ಳಬೇಕು.

```
Y1 = D2 + D3
Y0 = D1 + D3
```

ಇದನ್ನು ಟ್ಯಾಂಕಿಗೆ ಜೋಡಿಸಿ ನೋಡೋಣ. ನೀರು D0 ಮುಟ್ಟಿದಾಗ ಉತ್ತರ 00, ಸರಿ. D1 ಮುಟ್ಟಿದಾಗ 01, ಅದೂ ಸರಿ. D2 ಮುಟ್ಟಿದಾಗ ಮಾತ್ರ ಉತ್ತರ 11, ಅಂದರೆ 3, ಟ್ಯಾಂಕ್ ತುಂಬಿದೆ! ಏಕೆಂದರೆ ಆಗ D2 ಒಂದೇ ಅಲ್ಲ, ಅದರ ಕೆಳಗಿನ D1 ಕೂಡ ನೀರಿನಲ್ಲೇ ಇದೆ. D2 ಬಂದು Y1 ಅನ್ನು ಎಬ್ಬಿಸುತ್ತದೆ, D1 ಬಂದು Y0 ಅನ್ನು ಎಬ್ಬಿಸುತ್ತದೆ. ಎರಡೂ ಸೇರಿ, ಯಾರೂ ಹೇಳದ ಮೂರನೆಯ ಉತ್ತರವೊಂದು ಹುಟ್ಟುತ್ತದೆ. ಟ್ಯಾಂಕಿನ ಮೇಲ್ಭಾಗ ಖಾಲಿ ಇರುವಾಗಲೇ ಮೋಟಾರ್ ನಿಂತುಬಿಡುತ್ತದೆ.

ಇಲ್ಲಿ ಯಾವ ಗೇಟೂ ಸುಟ್ಟಿಲ್ಲ, ಯಾವ ವೈರೂ ಕಳಚಿಲ್ಲ. ಉಳಿದ ಮಟ್ಟಗಳಲ್ಲೆಲ್ಲ ಉತ್ತರ ಸರಿಯಾಗಿಯೇ ಬರುವುದರಿಂದ ಈ ತಪ್ಪು ಬೇಗ ಕೈಗೆ ಸಿಗುವುದೂ ಇಲ್ಲ. ಒಂದು ಹೊತ್ತಿಗೆ ಒಂದೇ ಒಂದು ವೈರಿನಲ್ಲಿ 1 ಇರುತ್ತದೆ ಎಂಬ ನಂಬಿಕೆಯ ಮೇಲೆ ಸಾದಾ ಎನ್‌ಕೋಡರ್ ನಿಂತಿದೆ, ಟ್ಯಾಂಕಿನಲ್ಲಿ ಆ ನಂಬಿಕೆ ನಡೆಯುವುದಿಲ್ಲ. ಇನ್ನೊಂದು ಕೊರತೆಯನ್ನೂ ಗಮನಿಸಬೇಕು. D0 ಯಾವ ಸಮೀಕರಣದಲ್ಲೂ ಇಲ್ಲ. ಹಾಗಾಗಿ ಟ್ಯಾಂಕ್ ಪೂರ್ತಿ ಬರಿದಾಗಿದ್ದರೂ 00, ನೀರು D0 ಮುಟ್ಟಿದ್ದರೂ 00.

ಹದಿನಾರು ಸಾಲು, ಐದರಲ್ಲಿ

ನಮಗೆ ಬೇಕಾದದ್ದನ್ನು ಮೊದಲು ಟ್ರೂತ್ ಟೇಬಲ್ಲಿನಲ್ಲಿ ಬರೆಯೋಣ. ನಾಲ್ಕು ಇನ್‌ಪುಟ್ ಇದ್ದರೆ ಸಾಧ್ಯವಿರುವ ಸಂದರ್ಭಗಳು ಹದಿನಾರು. ಆದರೆ ಹದಿನಾರನ್ನೂ ಬಿಡಿಬಿಡಿಯಾಗಿ ಬರೆಯಬೇಕಾಗಿಲ್ಲ. D3 ಒಂದು ಆಗಿದ್ದರೆ ಉಳಿದ ಮೂರು ಏನಾದರೂ ಆಗಿರಲಿ, ಉತ್ತರ 3. ಆ ‘ಏನಾದರೂ ಆಗಿರಲಿ’ ಎಂಬುದನ್ನು X ಎಂದು ಗುರುತಿಸಿದರೆ ಇಡೀ ಟೇಬಲ್ ಐದು ಸಾಲಿಗೆ ಇಳಿಯುತ್ತದೆ. ಜೊತೆಗೆ V ಎಂಬ ಮೂರನೆಯ ಔಟ್‌ಪುಟ್ ಸೇರಿಸಿದ್ದೇವೆ. ಯಾವುದಾದರೂ ಒಂದು ಕಂಬಿಯಾದರೂ ನೀರು ಮುಟ್ಟಿದೆಯೇ ಎಂಬುದನ್ನು ಅದು ಹೇಳುತ್ತದೆ.

```
D3 D2 D1 D0 | Y1 Y0 V
 0  0  0  0 |  X  X 0
 0  0  0  1 |  0  0 1
 0  0  1  X |  0  1 1
 0  1  X  X |  1  0 1
 1  X  X  X |  1  1 1
```

ಮೇಲಿನಿಂದ ಕೆಳಕ್ಕೆ ಈ ಸಾಲುಗಳು ಕ್ರಮವಾಗಿ 1, 1, 2, 4 ಮತ್ತು 8 ಸಂದರ್ಭಗಳನ್ನು ಒಳಗೊಂಡಿವೆ. ಕೂಡಿದರೆ ಹದಿನಾರು, ಯಾವುದೂ ತಪ್ಪಿಹೋಗಿಲ್ಲ. ಐದು ಸಾಲಿನ ಟೇಬಲ್ ಬರೆದಾಗಲೆಲ್ಲ ಹೀಗೊಮ್ಮೆ ಕೂಡಿ ನೋಡುವುದು ಒಳ್ಳೆಯ ಅಭ್ಯಾಸ.

ಈ ಟೇಬಲ್ಲಿನಲ್ಲಿ X ಎರಡು ಕಡೆ ಬಂದಿದೆ, ಎರಡರ ಅರ್ಥವೂ ಒಂದೇ ಅಲ್ಲ. ಎಡಗಡೆಯ X ಎಂದರೆ ಆ ಇನ್‌ಪುಟ್ 0 ಆದರೂ 1 ಆದರೂ ಉತ್ತರ ಬದಲಾಗಬಾರದು ಎಂಬ ಆಜ್ಞೆ. ಬಲಗಡೆಯ X ಎಂದರೆ ಅಲ್ಲಿ ಏನು ಬಂದರೂ ನಮಗೆ ಅಡ್ಡಿಯಿಲ್ಲ ಎಂಬ ಸಡಿಲಿಕೆ. V ಸೊನ್ನೆ ಇರುವಾಗ Y1, Y0 ಯಾರೂ ಓದುವುದಿಲ್ಲವಾದ್ದರಿಂದ ಅಲ್ಲಿ ಏನಿದ್ದರೂ ಸರಿ. ಮೊದಲನೆಯದು ಸರ್ಕ್ಯೂಟನ್ನು ಕಟ್ಟುಪಾಡಿಗೆ ಒಳಪಡಿಸುತ್ತದೆ, ಎರಡನೆಯದು ಡಿಸೈನ್ ಮಾಡುವವರಿಗೆ ಸ್ವಾತಂತ್ರ್ಯ ಕೊಡುತ್ತದೆ. ಈ ಎರಡನ್ನು ಬೆರೆಸಿಕೊಂಡವರು ಮುಂದೆ ಎಲ್ಲಿ ಮುಗ್ಗರಿಸುತ್ತಾರೆ ಎಂಬುದನ್ನು ಆಮೇಲೆ ನೋಡೋಣ.

ಟೇಬಲ್ಲಿನಿಂದ ಗೇಟಿಗೆ

Y1 ಎಲ್ಲೆಲ್ಲಿ 1 ಆಗಬೇಕು? ಕೊನೆಯ ಎರಡು ಸಾಲುಗಳಲ್ಲಿ. ಐದನೆಯ ಸಾಲು ಹೇಳುವುದು D3 ಇದ್ದರೆ ಸಾಕು ಎಂದು. ನಾಲ್ಕನೆಯದು ಹೇಳುವುದು D3 ಇಲ್ಲದೆ D2 ಇದ್ದರೆ ಎಂದು. Y0 ಏಳಬೇಕಾದದ್ದು ಮೂರನೆಯ ಮತ್ತು ಐದನೆಯ ಸಾಲುಗಳಲ್ಲಿ. ಅಕ್ಷರದ ತಲೆಯ ಮೇಲಿನ ಗೀಟು ನಾಟ್ ಎಂದೂ ನಡುವಿನ ಚುಕ್ಕಿ ಆಂಡ್ ಎಂದೂ ಇಟ್ಟುಕೊಂಡರೆ, ಸಾಲುಗಳನ್ನು ಇದ್ದ ಹಾಗೆಯೇ ಹೀಗೆ ಬರೆಯಬಹುದು:

```
Y1 = D3 + D3'·D2
Y0 = D3 + D3'·D2'·D1
```

ಇಲ್ಲಿ D3' ದಂಡಕ್ಕೆ ಕುಳಿತಿದೆ. D3 ಒಂದಾಗಿದ್ದರೆ ಮೊದಲ ಪದವೇ ಉತ್ತರವನ್ನು 1 ಮಾಡಿಬಿಟ್ಟಿದೆ, ಎರಡನೆಯ ಪದವನ್ನು ಯಾರೂ ಕೇಳುವುದಿಲ್ಲ. D3 ಸೊನ್ನೆಯಾಗಿದ್ದರೆ D3' ತಾನಾಗಿಯೇ 1, ಇದ್ದೂ ಇಲ್ಲದ ಹಾಗೆ. ಆದ್ದರಿಂದ ಅದನ್ನು ತೆಗೆದುಹಾಕಬಹುದು. V ಬರುವುದು ನಾಲ್ಕನ್ನೂ ಆರ್ ಮಾಡಿದಾಗ. D3 + D2 ಈಗಾಗಲೇ Y1 ಆಗಿ ಸಿದ್ಧವಿರುವುದರಿಂದ ಅದನ್ನೇ ಬಳಸಿಕೊಳ್ಳಬಹುದು.

```
Y1 = D3 + D2
Y0 = D3 + D2'·D1
V  = Y1 + D1 + D0
```

ಸಾದಾ ಎನ್‌ಕೋಡರಿನ ಪಕ್ಕ ಇದನ್ನಿಟ್ಟು ನೋಡಿದರೆ Y1 ಬದಲಾಗಿಯೇ ಇಲ್ಲ. Y0 ನಲ್ಲಿ D1 ಇದ್ದ ಕಡೆ D2'·D1 ಬಂದಿದೆ. ಸಾದಾ ಎನ್‌ಕೋಡರನ್ನು ಪ್ರಯಾರಿಟಿ ಎನ್‌ಕೋಡರ್ ಮಾಡುವ ಕೆಲಸವನ್ನೆಲ್ಲ ಆ D2' ಒಂದೇ ಮಾಡುತ್ತಿದೆ. D2 ಎದ್ದ ಕೂಡಲೇ D1ರ ಮಾತು ಕಟ್ಟಾಗುತ್ತದೆ. ನೀರು D2 ಮಟ್ಟದಲ್ಲಿರುವಾಗ Y0 ಈಗ 0, ಉತ್ತರ 10, ಅಂದರೆ 2. ಒಂದು ನಾಟ್, ಒಂದು ಆಂಡ್ ಗೇಟಿನಲ್ಲಿ ಟ್ಯಾಂಕಿನ ಸಮಸ್ಯೆ ತೀರಿತು.

ಮಾರಿಸ್ ಕಾರ್ನೋ 1953ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿದ್ದಾಗ ರೂಪಿಸಿದ ಚೌಕಮನೆಯ ನಕ್ಷೆಯಲ್ಲಿ ಇದನ್ನು ಬರೆದರೆ ಇದೇ ಫಲ ಕಣ್ಣಿಗೆ ಕಾಣುತ್ತದೆ. Y0 ಗೆ ಸೇರಿದ 1ಗಳು ಹತ್ತು ಮನೆಗಳಲ್ಲಿ ಕೂರುತ್ತವೆ. D3 ಎಂಬ ಎಂಟು ಮನೆಗಳ ಗುಂಪು ಒಂದು, D2'·D1 ಎಂಬ ನಾಲ್ಕು ಮನೆಗಳ ಗುಂಪು ಇನ್ನೊಂದು. ಎರಡು ಮನೆಗಳು ಎರಡೂ ಗುಂಪಿಗೆ ಸೇರಿರುತ್ತವೆ. ಗುಂಪುಗಳು ಹೀಗೆ ಒಂದರ ಮೇಲೊಂದು ಹಾಯ್ದಿರುವುದು ಚಿಕ್ಕ ಸಂಗತಿಯಲ್ಲ. D2 ಸೊನ್ನೆ, D1 ಒಂದು ಇರುವಾಗ D3 ಒಂದರಿಂದ ಸೊನ್ನೆಗೆ ಇಳಿಯಿತು ಎಂದಿಟ್ಟುಕೊಳ್ಳಿ. Y0 ಮೊದಲೂ 1, ಆಮೇಲೂ 1, ನಡುವೆ ಅಲುಗಬಾರದು. ಸಂಕ್ಷೇಪಿಸದ ಸಮೀಕರಣದಲ್ಲಿ D3 ಇಳಿದ ಗಳಿಗೆಯಲ್ಲಿ ಮೊದಲ ಪದ ಸತ್ತಿರುತ್ತದೆ, D3' ಇನ್ನೂ ನಾಟ್ ಗೇಟನ್ನು ದಾಟಿ ಬಂದಿರುವುದಿಲ್ಲ. ಹಳೆಯ ಟಿಟಿಎಲ್ ಐಸಿಗಳಲ್ಲಿ ಒಂದು ಗೇಟಿಗೆ ಸುಮಾರು 10 ನ್ಯಾನೊಸೆಕೆಂಡ್ ತಡ. ಅಷ್ಟು ಹೊತ್ತು Y0 ಸೊನ್ನೆಗೆ ಬಿದ್ದು ಮತ್ತೆ ಏಳುತ್ತದೆ. ಮೋಟಾರಿನ ರಿಲೇಗೆ ಇದು ಗೊತ್ತೇ ಆಗುವುದಿಲ್ಲ. ಆದರೆ ಆ ವೈರಿಗೆ ಒಂದು ಕೌಂಟರ್ ಸೇರಿದ್ದರೆ ಅದು ಇಲ್ಲದ ಒಂದನ್ನು ಎಣಿಸಿಬಿಡುತ್ತದೆ. ಸಂಕ್ಷೇಪಿಸಿದ ಸಮೀಕರಣದಲ್ಲಿ D2'·D1 ಮೊದಲಿನಿಂದಲೂ 1 ಆಗಿಯೇ ನಿಂತಿರುವುದರಿಂದ ಈ ತೊಂದರೆಯಿಲ್ಲ. ಇಲ್ಲಿ ಗೇಟು ಉಳಿಸಿದ್ದರಿಂದ ಔಟ್‌ಪುಟ್ ಕೂಡ ಅಲುಗದೆ ನಿಂತಿತು.

ಎಲ್ಲವನ್ನೂ ಒಂದೇ ಬಗೆಯ ಗೇಟಿನಲ್ಲಿ ಕಟ್ಟಬೇಕೆಂದರೆ ಡಿ ಮಾರ್ಗನ್ ನಿಯಮ ನೆರವಿಗೆ ಬರುತ್ತದೆ. ಆಗಸ್ಟಸ್ ಡಿ ಮಾರ್ಗನ್ ಹುಟ್ಟಿದ್ದು 1806ರಲ್ಲಿ, ನಮ್ಮ ಪಕ್ಕದ ಮಧುರೈಯಲ್ಲಿ. ಎರಡನ್ನು ಆರ್ ಮಾಡುವುದೂ, ಎರಡರ ನಾಟ್‌ಗಳನ್ನು ನ್ಯಾಂಡ್ ಮಾಡುವುದೂ ಒಂದೇ ಎಂಬುದು ಆ ನಿಯಮದ ಸಾರ.

```
Y1 = (D3'·D2')'
Y0 = (D3'·(D2'·D1)')'
```

D3, D2 ಗಳನ್ನು ತಲೆಕೆಳಗು ಮಾಡಲು ಎರಡು ನ್ಯಾಂಡ್, Y1 ಗೆ ಒಂದು, Y0 ಗೆ ಎರಡು; ಒಟ್ಟು ಐದು. 7400 ಐಸಿಯೊಂದರಲ್ಲಿ ನಾಲ್ಕು ನ್ಯಾಂಡ್ ಇರುವುದರಿಂದ ಎರಡು ಐಸಿ ಸಾಕು. V ಗೆ ಪ್ರತ್ಯೇಕವಾಗಿ ಎರಡು ಆರ್ ಗೇಟ್ ಬೇಕು.

ಉಳಿತಾಯದ ಆಸೆ

ಸೂಕ್ಷ್ಮವಾಗಿ ನೋಡುವವರು ಇಲ್ಲೊಂದು ಪ್ರಶ್ನೆ ಎತ್ತಬಹುದು. ಟ್ಯಾಂಕಿನಲ್ಲಿ D3 ನೀರು ಮುಟ್ಟಿದೆ ಎಂದರೆ D2 ಕೂಡ ಮುಟ್ಟಿಯೇ ಇರುತ್ತದಲ್ಲ? ಹಾಗಿದ್ದರೆ D3 ಒಂದು, D2 ಸೊನ್ನೆ ಎಂಬ ಸಾಲುಗಳು ಎಂದೂ ಬರುವುದೇ ಇಲ್ಲ. ಬರದ ಸಾಲುಗಳ ಔಟ್‌ಪುಟ್ಟಿಗೆ X ಹಾಕಿ Y1 = D2 ಎಂದು ಬರೆದರೆ ಒಂದು ಗೇಟು ಉಳಿಯಿತು!

ಕಾಗದದ ಮೇಲೆ ಇದು ನಿಜ. ಟ್ಯಾಂಕಿನಲ್ಲಿ ಹಾಗಲ್ಲ. ಕಂಬಿಗಳ ಮೂಲಕ ಡಿಸಿ ಕರೆಂಟ್ ಹರಿಯುತ್ತಿದ್ದರೆ ವಿದ್ಯುದ್ವಿಭಜನೆಯಿಂದ ಕಂಬಿ ಸವೆಯುತ್ತದೆ, ಮೇಲೆ ಪದರ ಕಟ್ಟುತ್ತದೆ. ಒಂದು ದಿನ D2 ಕಂಬಿ ನೀರಿನಲ್ಲಿದ್ದೂ 0 ಎನ್ನುತ್ತದೆ. ಆಗ ಟ್ಯಾಂಕ್ ತುಂಬಿ D3 ಎದ್ದಾಗ ಪೂರ್ತಿ ಸಮೀಕರಣ 11 ಎಂದೇ ಹೇಳುತ್ತದೆ, ಮೋಟಾರ್ ನಿಲ್ಲುತ್ತದೆ. ಗೇಟು ಉಳಿಸಿದ ಸರ್ಕ್ಯೂಟಿನಲ್ಲಿ Y1 ಸೊನ್ನೆ, Y0 ಒಂದು, ಉತ್ತರ 01. ತುಂಬಿ ತುಳುಕುತ್ತಿರುವ ಟ್ಯಾಂಕನ್ನು ಮಟ್ಟ 1 ಎನ್ನುತ್ತಾ ಮೋಟಾರ್ ಓಡುತ್ತಲೇ ಇರುತ್ತದೆ. ಎಡಗಡೆಯ X ಆಜ್ಞೆ, ಬಲಗಡೆಯ X ಸಡಿಲಿಕೆ ಎಂದು ಮೊದಲೇ ಬೇರ್ಪಡಿಸಿದ್ದು ಇದಕ್ಕಾಗಿಯೇ. ಒಂದು ಸಾಲು ಎಂದೂ ಬರುವುದಿಲ್ಲ ಎನ್ನುವ ಮೊದಲು, ಬಂದರೆ ಏನಾಗುತ್ತದೆ ಎಂದು ಕೇಳಿಕೊಳ್ಳಬೇಕು.

ಇನ್ನೊಂದು ತೊಂದರೆ ವೈರಿಂಗಿನದು. ಒಣಗಿರುವ ಕಂಬಿ ಎಂದರೆ ಎಲ್ಲಿಗೂ ಸೇರದ ವೈರು. ಟಿಟಿಎಲ್ ಐಸಿಗೆ ಎಲ್ಲಿಗೂ ಸೇರದ ಇನ್‌ಪುಟ್ 1 ಇದ್ದ ಹಾಗೆ ಕಾಣುತ್ತದೆ. ಹಾಗಾಗಿ ಖಾಲಿ ಟ್ಯಾಂಕ್ ಕೂಡ 11 ಎನ್ನುತ್ತದೆ. ಸಿಮಾಸ್ ಐಸಿಯಲ್ಲಾದರೆ ಇನ್‌ಪುಟ್ ಅತ್ತಿತ್ತ ಓಲಾಡುತ್ತದೆ, ಕೈ ಹತ್ತಿರ ತಂದರೂ ಔಟ್‌ಪುಟ್ ಬದಲಾಗಬಹುದು. ಪತ್ತೆ ಮಾಡುವುದು ಸುಲಭ: ನಾಲ್ಕೂ ಕಂಬಿಗಳ ವೈರುಗಳನ್ನು ಕಳಚಿದ ಮೇಲೂ ಔಟ್‌ಪುಟ್ 11 ಆಗಿಯೇ ನಿಂತರೆ ಅಥವಾ ಸುಮ್ಮನೆ ಮಿಣುಕಿದರೆ ತಪ್ಪು ಟ್ಯಾಂಕಿನದಲ್ಲ. ಸಿಮಾಸ್ ಐಸಿ ಬಳಸಿ, ಪ್ರತಿ ಇನ್‌ಪುಟ್ಟನ್ನೂ ಹೆಚ್ಚು ಬೆಲೆಯ ರೆಸಿಸ್ಟರ್ ಮೂಲಕ ಗ್ರೌಂಡಿಗೆ ಸೇರಿಸಿದರೆ ಒಣ ಕಂಬಿ ಖಚಿತವಾಗಿ 0 ಎನ್ನುತ್ತದೆ.

ಎರಡು ಸಂಖ್ಯೆಗಳ ತೂಕ

ಈಗ ನೀರಿನ ಮಟ್ಟ ಎರಡು ಬಿಟ್‌ಗಳ ಸಂಖ್ಯೆಯಾಗಿ ಕೈಯಲ್ಲಿದೆ. ಅದನ್ನು A ಎನ್ನೋಣ. ನಮಗೆ ಬೇಕಾದ ಮಟ್ಟವನ್ನು ಎರಡು ಸ್ವಿಚ್‌ಗಳಲ್ಲಿ ಇಟ್ಟಿದ್ದೇವೆ, ಅದು B. ಮೂರು ಔಟ್‌ಪುಟ್ ಬೇಕು: A ದೊಡ್ಡದಾದರೆ G, ಸಮವಾದರೆ E, ಚಿಕ್ಕದಾದರೆ L.

ಒಂದೊಂದೇ ಬಿಟ್ ಇರುವ ಸಂಖ್ಯೆಗಳಾದರೆ ಟೇಬಲ್ ನಾಲ್ಕೇ ಸಾಲು. A ಒಂದು, B ಸೊನ್ನೆ ಇದ್ದಾಗ ಮಾತ್ರ A ದೊಡ್ಡದು, ಅಂದರೆ A·B'. ತಿರುಗಿಸಿದರೆ A'·B, ಆಗ A ಚಿಕ್ಕದು. ಎರಡೂ ಒಂದೇ ಆಗಿದ್ದರೆ ಸಮ; ಅದು ಎಕ್ಸ್‌ನಾರ್ ಗೇಟಿನ ಕೆಲಸ. ಎರಡು ಬಿಟ್ ಸಂಖ್ಯೆಗಳಿಗೆ ಟೇಬಲ್ ಹದಿನಾರು ಸಾಲು. ಅವುಗಳಲ್ಲಿ ನಾಲ್ಕು ಕಡೆ ಸಮ, ಆರು ಕಡೆ A ದೊಡ್ಡದು, ಆರು ಕಡೆ B ದೊಡ್ಡದು. ಆ ಆರು ಸಾಲುಗಳನ್ನು ಕಾರ್ನೋ ನಕ್ಷೆಗೆ ಹಾಕಿದರೆ ಸಿಗುವುದು ಇದು:

```
G = A1·B1' + A0·B1'·B0' + A1·A0·B0'
```

ಉತ್ತರ ಸರಿಯಾಗಿದೆ. ಮೊದಲ ಪದ ನಾಲ್ಕು ಸಾಲುಗಳನ್ನು ಹಿಡಿಯುತ್ತದೆ. ಉಳಿದೆರಡು ಪದಗಳು 1 ಮತ್ತು 0, 3 ಮತ್ತು 2 ಎಂಬ ಜೋಡಿಗಳನ್ನು ಹಿಡಿಯಲು ಬಂದಿವೆ. ಆದರೆ ಇದನ್ನು ಓದಿದರೆ ಹೋಲಿಕೆ ಹೇಗೆ ನಡೆಯುತ್ತಿದೆ ಎಂದು ತಿಳಿಯುವುದಿಲ್ಲ. ಇದನ್ನೇ ದೊಡ್ಡದು ಮಾಡಲೂ ಆಗುವುದಿಲ್ಲ. ನಾಲ್ಕು ಬಿಟ್‌ಗಳ ಎರಡು ಸಂಖ್ಯೆಗಳಿಗೆ ಟೇಬಲ್ 256 ಸಾಲು, ಎಂಟು ಬಿಟ್‌ಗಳಿಗೆ 65,536 ಸಾಲು. ಅಷ್ಟು ಸಾಲು ಬರೆಯುವವರು ಯಾರು? ಟೇಬಲ್ಲಿನ ಹಾದಿ ಇಲ್ಲಿಗೆ ಮುಗಿಯಿತು, ಇನ್ನು ನಾವು ಸಂಖ್ಯೆಗಳನ್ನು ಹೇಗೆ ಹೋಲಿಸುತ್ತೇವೆ ಎಂಬುದನ್ನೇ ಗಮನಿಸಬೇಕು.

4,731 ದೊಡ್ಡದೋ 4,698 ದೊಡ್ಡದೋ? ಎಡದಿಂದ ನೋಡುತ್ತೇವೆ. ಸಾವಿರದ ಸ್ಥಾನದಲ್ಲಿ ಎರಡೂ 4. ನೂರರ ಸ್ಥಾನದಲ್ಲಿ 7 ಮತ್ತು 6. ತೀರ್ಪು ಅಲ್ಲೇ ಮುಗಿಯಿತು. ಮುಂದಿನ 31 ಮತ್ತು 98 ಯಾರಿಗೂ ಬೇಡ. ಗೇಟುಗಳಲ್ಲಿ ಇದನ್ನೇ ಬರೆಯೋಣ. ಪ್ರತಿ ಸ್ಥಾನಕ್ಕೂ ಒಂದು ಎಕ್ಸ್‌ನಾರ್ ಇಟ್ಟು, ಅದರ ಔಟ್‌ಪುಟ್ಟನ್ನು x ಎಂದು ಕರೆದರೆ, ನಾಲ್ಕು ಬಿಟ್‌ಗಳಿಗೆ:

```
G = A3·B3'
  + x3·A2·B2'
  + x3·x2·A1·B1'
  + x3·x2·x1·A0·B0'
E = x3·x2·x1·x0
L = (G + E)'
```

ಪ್ರತಿ ಸಾಲೂ ಹೇಳುವುದು ಒಂದೇ ಬಗೆಯ ವಾಕ್ಯ: ‘ಇದುವರೆಗೆ ಮೇಲಿನದೆಲ್ಲ ಸಮ, ಇಲ್ಲಿ A ಗೆದ್ದಿತು.’ A = 1011, B = 1001 ಎಂದಿಟ್ಟುಕೊಂಡು ನೋಡಿ, ಅಂದರೆ 11 ಮತ್ತು 9. ಮೂರನೇ ಸ್ಥಾನದಲ್ಲಿ ಎರಡೂ 1, x3 ಒಂದು. ಎರಡನೇ ಸ್ಥಾನದಲ್ಲಿ ಎರಡೂ 0, x2 ಕೂಡ ಒಂದು. ಒಂದನೇ ಸ್ಥಾನದಲ್ಲಿ A ಯದು 1, B ಯದು 0. ಮೂರನೆಯ ಪದ ಎದ್ದಿತು, G ಒಂದಾಯಿತು. ಅದೇ ಹೊತ್ತಿಗೆ x1 ಸೊನ್ನೆಯಾಗಿದ್ದರಿಂದ ನಾಲ್ಕನೆಯ ಪದ ಎಂದೂ ಏಳಲಾರದು. E ಸೊನ್ನೆ, L ಸೊನ್ನೆ. ನೀರಿನ ಟ್ಯಾಂಕಿನ ಎರಡು ಬಿಟ್‌ಗಳಿಗೆ ಇದರ ಮೊದಲ ಎರಡು ಸಾಲುಗಳ ಮಾದರಿ ಸಾಕು.

ಒಂದರೊಳಗೆ ಇನ್ನೊಂದು

ಈ ಸಮೀಕರಣಗಳನ್ನು ಎನ್‌ಕೋಡರಿನ ಪಕ್ಕದಲ್ಲಿಟ್ಟು ನೋಡಿದಾಗ ಸಿಗುವ ಸಂತೋಷಕ್ಕಾಗಿಯೇ ಈ ಎರಡು ಸರ್ಕ್ಯೂಟ್‌ಗಳನ್ನು ಒಟ್ಟಿಗೆ ಕಲಿಯಬೇಕು ಎಂದು ನನಗೆ ಅನ್ನಿಸುತ್ತದೆ. ಎರಡು ಸಂಖ್ಯೆಗಳ ಬಿಟ್‌ಗಳು ಎಲ್ಲೆಲ್ಲಿ ಬೇರೆಯಾಗಿವೆ ಎಂದು ಎಕ್ಸ್‌ಆರ್ ಗೇಟುಗಳಿಂದ ಒಂದು ಪಟ್ಟಿ ಮಾಡಿ. ಬೇರೆಯಾಗಿದ್ದರೆ 1, ಒಂದೇ ಆಗಿದ್ದರೆ 0. ಮೇಲಿನ ಉದಾಹರಣೆಯಲ್ಲಿ 1011 ಮತ್ತು 1001ಕ್ಕೆ ಆ ಪಟ್ಟಿ 0010. ಈಗ ಈ ಪಟ್ಟಿಯನ್ನು ಪ್ರಯಾರಿಟಿ ಎನ್‌ಕೋಡರಿಗೆ ಕೊಡಿ. ಎಲ್ಲಕ್ಕಿಂತ ಮೇಲಿನ 1 ಎಲ್ಲಿದೆ ಎಂದು ಅದು ಹೇಳುತ್ತದೆ: ಒಂದನೇ ಸ್ಥಾನದಲ್ಲಿ. ಆ ಸ್ಥಾನದಲ್ಲಿ A ಯ ಬಿಟ್ ನೋಡಿ. 1 ಇದ್ದರೆ A ದೊಡ್ಡದು, 0 ಇದ್ದರೆ B ದೊಡ್ಡದು. ಪಟ್ಟಿಯಲ್ಲಿ ಒಂದೂ 1 ಇಲ್ಲದಿದ್ದರೆ ಎನ್‌ಕೋಡರಿನ V ಸೊನ್ನೆ, ಸಂಖ್ಯೆಗಳು ಸಮ.

ಪಟ್ಟಿಯ ಬಿಟ್‌ಗಳನ್ನು d ಎಂದು ಕರೆದರೆ x ಎಂಬುದು d' ಅಲ್ಲದೆ ಬೇರೇನೂ ಅಲ್ಲ. ಎನ್‌ಕೋಡರಿನಲ್ಲಿ ‘ಮೇಲಿನವರು ಯಾರೂ ಇಲ್ಲ, ಇಲ್ಲಿ ನಾನಿದ್ದೇನೆ’ ಎಂಬುದು d3'·d2'·d1. ಅದಕ್ಕೆ A1 ಸೇರಿಸಿದರೆ x3·x2·d1·A1. d1 ಮತ್ತು A1 ಎರಡೂ ಒಂದು ಎಂದರೆ B1 ಸೊನ್ನೆ ಎಂದೇ ಅರ್ಥ, ಹಾಗಾಗಿ ಅದು x3·x2·A1·B1'. ಕಂಪ್ಯಾರೇಟರಿನ ಮೂರನೆಯ ಪದ ಅಕ್ಷರಶಃ ಅದೇ. ಎನ್‌ಕೋಡರಿನಲ್ಲಿ D1ರ ಬಾಯಿ ಕಟ್ಟಿದ ಆ ಒಂದು D2' ಇಲ್ಲಿ x ಗಳ ಸರಪಳಿಯಾಗಿ ನಿಂತಿದೆ.

ಸರಪಳಿ ಉದ್ದವಾದಾಗ

ಸರಪಳಿಗೆ ಅದರದೇ ಮಿತಿಯಿದೆ. ನಾಲ್ಕು ಬಿಟ್‌ಗಳ ಕೊನೆಯ ಪದಕ್ಕೆ ಐದು ಇನ್‌ಪುಟ್‌ಗಳ ಆಂಡ್ ಗೇಟ್ ಬೇಕು. 64 ಬಿಟ್‌ಗಳಿಗೆ 65 ಇನ್‌ಪುಟ್ ಬೇಕಾಗುತ್ತದೆ, ಅಂಥ ಗೇಟನ್ನು ಯಾರೂ ಮಾಡುವುದಿಲ್ಲ. ಒಂದು ಬಿಟ್‌ನಿಂದ ಇನ್ನೊಂದಕ್ಕೆ ದಾಟಿಸುತ್ತಾ ಹೋದರೆ ತೀರ್ಪು 63 ಹೆಜ್ಜೆ ನಡೆದು ಬರಬೇಕು. ಇದಕ್ಕೆ ಪರಿಹಾರ ಜೋಡಿ ಮಾಡುವುದು. ಮೇಲಿನ ಅರ್ಧದ ತೀರ್ಪು Gh, Eh. ಕೆಳಗಿನ ಅರ್ಧದ್ದು Gl, El ಆಗಿದ್ದರೆ:

```
G = Gh + Eh·Gl
E = Eh·El
```

ಮೇಲಿನ ಅರ್ಧ ತೀರ್ಮಾನಿಸಿದರೆ ಅದೇ, ಅಲ್ಲಿ ಸಮವಾದರೆ ಮಾತ್ರ ಕೆಳಗಿನ ಅರ್ಧದ ಮಾತು. 64 ಬಿಟ್‌ಗಳು 32 ಜೋಡಿಯಾಗಿ, ಅವು 16 ಆಗಿ, ಹೀಗೆ ಆರೇ ಹಂತಗಳಲ್ಲಿ ಒಂದು ತೀರ್ಪಿಗೆ ಬರುತ್ತವೆ.

ಸಿದ್ಧವಾಗಿ ಸಿಗುವ 7485 ಐಸಿ ನಾಲ್ಕು ಬಿಟ್‌ಗಳ ಕಂಪ್ಯಾರೇಟರ್. ಕೆಳಗಿನ ನಾಲ್ಕು ಬಿಟ್‌ಗಳ ತೀರ್ಪನ್ನು ಇನ್ನೊಂದು 7485ರಿಂದ ತೆಗೆದುಕೊಳ್ಳಲು ಅದಕ್ಕೆ ಮೂರು ಹೆಚ್ಚುವರಿ ಇನ್‌ಪುಟ್‌ಗಳಿವೆ. ಎಲ್ಲಕ್ಕಿಂತ ಕೆಳಗಿನ ಐಸಿಗೆ ತೀರ್ಪು ಕೊಡುವವರು ಯಾರೂ ಇಲ್ಲವಾದ್ದರಿಂದ, ಅದರ ‘ಸಮ’ ಇನ್‌ಪುಟ್ಟನ್ನು 1ಕ್ಕೂ ಉಳಿದೆರಡನ್ನು 0ಗೂ ಕಟ್ಟಬೇಕು. ಇದನ್ನು ಮರೆತು ಮೂರನ್ನೂ ಗ್ರೌಂಡಿಗೆ ಹಾಕಿದರೆ, ಸಂಖ್ಯೆಗಳು ಸಮವಾದಾಗ ‘ದೊಡ್ಡದು’ ಮತ್ತು ‘ಚಿಕ್ಕದು’ ಎರಡೂ ದೀಪಗಳು ಒಟ್ಟಿಗೆ ಹತ್ತುತ್ತವೆ. ಈ ಅಸಂಬದ್ಧ ಚಿತ್ರ ಕಂಡರೆ ನೇರವಾಗಿ ಆ ಮೂರು ಪಿನ್‌ಗಳನ್ನು ನೋಡಬೇಕು.

ಋಣ ಸಂಖ್ಯೆಗಳಲ್ಲಿ ಮತ್ತೊಂದು ಎಚ್ಚರ ಬೇಕು. ಟೂಸ್ ಕಾಂಪ್ಲಿಮೆಂಟ್ ಪದ್ಧತಿಯಲ್ಲಿ ನಾಲ್ಕು ಬಿಟ್‌ಗಳ −1 ಎಂದರೆ 1111. ಕಂಪ್ಯಾರೇಟರಿಗೆ ಅದು 15, ಆದ್ದರಿಂದ 0001ಕ್ಕಿಂತ ದೊಡ್ಡದು. ಇದನ್ನು ಸರಿಪಡಿಸಲು ಒಂದು ಗೇಟೂ ಬೇಡ. A3 ಮತ್ತು B3 ವೈರುಗಳನ್ನು ಅದಲು ಬದಲು ಮಾಡಿದರೆ ಸಾಕು. ಮೇಲಿನ ಬಿಟ್‌ನಲ್ಲಿ 1 ಇರುವುದು ಅಲ್ಲಿ ಚಿಕ್ಕ ಸಂಖ್ಯೆಯ ಗುರುತಾದ್ದರಿಂದ ಆ ಒಂದು ಸ್ಥಾನದ ಗೆಲುವು ಸೋಲು ತಿರುಗಬೇಕು. x3 ಮಾತ್ರ ಎರಡನ್ನು ಅದಲು ಬದಲು ಮಾಡಿದರೂ ಬದಲಾಗುವುದಿಲ್ಲ.

ಮೋಟಾರಿಗೆ ಜೋಡಿಸಿದಾಗ

L ಅನ್ನು ನೇರವಾಗಿ ಮೋಟಾರಿನ ರಿಲೇಗೆ ಕೊಟ್ಟರೆ ಸರ್ಕ್ಯೂಟ್ ಸರಿಯಾಗಿದ್ದೂ ಕೆಲಸ ಕೆಡುತ್ತದೆ. ನೀರು ಬೀಳುವಾಗ ಮೇಲ್ಮೈ ಅಲೆಯಾಡುತ್ತದೆ. D3 ಕಂಬಿಯ ತುದಿ ಒಮ್ಮೆ ನೆನೆದು ಒಮ್ಮೆ ಒಣಗಿ, ರಿಲೇ ಟಕಟಕ ಬಡಿದುಕೊಂಡು ಅದರ ಕಾಂಟ್ಯಾಕ್ಟ್‌ಗಳು ಸುಡುತ್ತವೆ. ಆದ್ದರಿಂದ ಎರಡು ಕಂಪ್ಯಾರೇಟರ್ ಇಡುತ್ತಾರೆ. ಮಟ್ಟ 1ಕ್ಕಿಂತ ಕಡಿಮೆಯಾದರೆ ಮೊದಲನೆಯದು ಒಂದು ಲ್ಯಾಚನ್ನು ಎಬ್ಬಿಸುತ್ತದೆ, ಮಟ್ಟ 3 ಮುಟ್ಟಿದಾಗ ಎರಡನೆಯದು ಅದನ್ನು ಇಳಿಸುತ್ತದೆ. ನಡುವಿನ ಅಲೆಗಳನ್ನು ಲ್ಯಾಚ್ ಲೆಕ್ಕಿಸುವುದಿಲ್ಲ.

ಟೇಬಲ್ಲಿನ ಮೊದಲ ಸಾಲಿನಲ್ಲಿ ಬಿಟ್ಟಿದ್ದ X ಕೂಡ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಟೇಬಲ್ಲಿನಲ್ಲಿ ಅದು X ಆದರೂ ಗೇಟುಗಳು ಅಲ್ಲಿ 00 ಎಂದೇ ಕೊಡುತ್ತವೆ, ಹಾಗಾಗಿ ಬರಿದಾದ ಟ್ಯಾಂಕಿಗೂ ಮೋಟಾರ್ ಹೊರಡುತ್ತದೆ. ಆದರೆ ತಳದ ಕಂಬಿಯ ವೈರು ತುಂಡಾದರೂ ಇದೇ ಚಿತ್ರ: ಎಲ್ಲ ಕಂಬಿಗಳೂ 0, V ಸೊನ್ನೆ, ಮೋಟಾರ್ ನಿಲ್ಲುವುದೇ ಇಲ್ಲ. ಮೋಟಾರ್ ಓಡುತ್ತಿದ್ದೂ ನಿಗದಿತ ಹೊತ್ತಿನವರೆಗೆ V ಏಳದಿದ್ದರೆ ಟೈಮರ್ ಒಂದು ಅದನ್ನು ನಿಲ್ಲಿಸಬೇಕು. V ಅನ್ನು ಸೇರಿಸಿದ ಲಾಭ ಇಲ್ಲಿ ಕಾಣುತ್ತದೆ.

ಇದೇ ವಿನ್ಯಾಸ ಟ್ಯಾಂಕಿನಾಚೆಗೂ ಇದೆ. 8085 ಪ್ರೊಸೆಸರಿಗೆ ಐದು ಇಂಟರಪ್ಟ್ ವೈರುಗಳು ಒಟ್ಟಿಗೆ ಕರೆ ಕೊಟ್ಟರೆ ಮೊದಲು TRAP, ಆಮೇಲೆ RST 7.5, 6.5, 5.5, ಕೊನೆಗೆ INTR. ಸಾಲಿನ ತಲೆಯಲ್ಲಿರುವುದು ಕೆಳಗಿನವುಗಳ ಸರದಿಯನ್ನು ತಡೆದಿಡುವುದು ಅಲ್ಲಿಯೂ ನಡೆಯುತ್ತದೆ.

ಕಟ್ಟಿದ ಮೇಲೆ ಪರೀಕ್ಷೆ ಮಾಡಬೇಕು. ಎನ್‌ಕೋಡರಿನ ಹದಿನಾರು ಸಾಲನ್ನೂ ಸ್ವಿಚ್ ಹಾಕಿ ನೋಡಿಬಿಡಬಹುದು. ಕಂಪ್ಯಾರೇಟರಿನ 256 ಸಾಲನ್ನು ಕೈಯಿಂದ ನೋಡುವ ಬದಲು, ನಿಯಮ ಮುರಿಯಬಹುದಾದ ಕಡೆಗಳನ್ನೇ ಆರಿಸಿಕೊಳ್ಳಬೇಕು. ಪ್ರತಿ ಸ್ಥಾನಕ್ಕೂ A ಅಲ್ಲಿ ಮಾತ್ರ ಗೆದ್ದು, ಅದರ ಕೆಳಗೆ ಎಲ್ಲ ಕಡೆ ಸೋಲುವ ಜೋಡಿ ಕೊಡಿ: 1000 ಮತ್ತು 0111, 0100 ಮತ್ತು 0011, 0010 ಮತ್ತು 0001, 0001 ಮತ್ತು 0000. ಪ್ರತಿ ಸಲವೂ G ಏಳಬೇಕು. ಜೋಡಿಗಳನ್ನು ತಿರುಗಿಸಿದಾಗ L ಏಳಬೇಕು. ಆಮೇಲೆ ಮೇಲಿನ ಸ್ಥಾನಗಳಲ್ಲಿ ಎರಡಕ್ಕೂ 1 ಇಟ್ಟು, ಉದಾಹರಣೆಗೆ 1100 ಮತ್ತು 1011 ಕೊಟ್ಟು, ಮತ್ತೊಮ್ಮೆ ನೋಡಿ. ಎಕ್ಸ್‌ನಾರ್ ಎರಡು ಸೊನ್ನೆಗಳನ್ನು ಸಮ ಎಂದ ಹಾಗೆಯೇ ಎರಡು ಒಂದುಗಳನ್ನೂ ಸಮ ಎನ್ನುತ್ತದೆಯೇ ಎಂದು ಅದರಿಂದ ತಿಳಿಯುತ್ತದೆ. ಕೊನೆಗೆ 0000 ಮತ್ತು 0000, 1111 ಮತ್ತು 1111 ಕೊಟ್ಟು E ಒಂದೇ ಏಳುತ್ತದೆಯೇ ನೋಡಿ. ಕೆಳಗಿನ ಬಿಟ್‌ಗಳು ಎಷ್ಟೇ ಎದುರಾಡಿದರೂ ತೀರ್ಪು ಅಲುಗದಿದ್ದರೆ, ಪ್ರತಿ ಪದದ ಸರಪಳಿಯೂ ಸರಿಯಾದ ಜಾಗದಲ್ಲಿದೆ ಎಂದು ನಂಬಬಹುದು.